ಬಿ2 ಪ್ರಮಾಣಪತ್ರದ ನಿಜವಾದ ಬೆಲೆ: ಜರ್ಮನಿಗೆ ಹೋದ ಒಬ್ಬ ನರ್ಸ್‌ನ ಪ್ರಕರಣ

ಮಂಗಳೂರಿನಲ್ಲಿ ಜರ್ಮನ್ ಕಲಿಸುವ ನನ್ನ ತರಗತಿಗೆ ಬಂದು, ಬಿ2 ಎಂಬ ಭಾಷಾಮಟ್ಟದ ಪರೀಕ್ಷೆ ಪಾಸು ಮಾಡಿ, ನಾಲ್ಕು ವರ್ಷಗಳ ಬಳಿಕ ಜರ್ಮನಿಯಲ್ಲಿ ಪೂರ್ಣ ಪ್ರಮಾಣದ ನರ್ಸ್ ಆದ ಒಬ್ಬಾಕೆಯ ಪ್ರಕರಣ ಇದು. ಹೆಸರು, ಊರು, ಆಸ್ಪತ್ರೆ ಯಾವುದನ್ನೂ ಹೇಳುವುದಿಲ್ಲ. ಆಕೆಯನ್ನು ವಿದ್ಯಾರ್ಥಿನಿ ಎಂದೇ ಕರೆಯುತ್ತೇನೆ. ಆಕೆ ಖರ್ಚಿನ ಲೆಕ್ಕವನ್ನು ಒಂದು ನೋಟ್‌ಬುಕ್ಕಿನಲ್ಲಿ ಮೊದಲ ದಿನದಿಂದಲೂ ಬರೆದಿಟ್ಟಿದ್ದಳು. ಇಲ್ಲಿರುವ ಅಂಕಿಗಳು ಆ ಪುಸ್ತಕದವು; ಬರೆಯಲು ಆಕೆಯ ಒಪ್ಪಿಗೆಯಿದೆ.

ಹಿನ್ನೆಲೆ

2021ರ ಜೂನ್‌ನಲ್ಲಿ ಆನ್‌ಲೈನ್ ತರಗತಿಗೆ ಸೇರಿದಾಗ ವಿದ್ಯಾರ್ಥಿನಿಗೆ 26 ವರ್ಷ. ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಖಾಸಗಿ ಆಸ್ಪತ್ರೆಯೊಂದರ ವಾರ್ಡಿನಲ್ಲಿ ಮೂರು ವರ್ಷ ಕೆಲಸ ಮಾಡಿದ್ದಳು. ಸಂಬಳ ತಿಂಗಳಿಗೆ 19,000 ರೂಪಾಯಿ. ಹಾಸ್ಟೆಲ್, ಊಟ, ಮನೆಗೆ ಕಳುಹಿಸುವುದು ಎಲ್ಲ ಕಳೆದು 7,000 ಉಳಿಯುತ್ತಿತ್ತು. ಮನೆಯಲ್ಲಿ ಒಂದೂವರೆ ಎಕರೆ ಅಡಿಕೆ ತೋಟ ಮತ್ತು ಓದುತ್ತಿರುವ ತಮ್ಮ.

ಆಕೆಯ ಮುಂದೆ ಇದ್ದ ಹತ್ತಿರದ ದಾರಿ ಗಲ್ಫ್. ಅದಕ್ಕೆ ಇಂಗ್ಲಿಷ್ ಸಾಕು, ಪ್ರೊಮೆಟ್ರಿಕ್ ಎಂಬ ಪರವಾನಗಿ ಪರೀಕ್ಷೆಯೊಂದನ್ನು ಪಾಸು ಮಾಡಿ, ದಾಖಲೆಗಳ ತಪಾಸಣೆ ಮುಗಿಸಿದರೆ ವರ್ಷದೊಳಗೆ ಹೊರಡಬಹುದು. ಆಕೆಯ ಜೊತೆಗೇ ಓದಿದ ಗೆಳತಿ ಆ ದಾರಿ ಹಿಡಿದಳು. ವಿದ್ಯಾರ್ಥಿನಿ ಜರ್ಮನಿಯನ್ನು ಆರಿಸಿದ್ದಕ್ಕೆ ಆಕೆ ಕೊಟ್ಟ ಕಾರಣ ಒಂದೇ: ಗಲ್ಫಿನಲ್ಲಿ ಎಷ್ಟು ವರ್ಷ ದುಡಿದರೂ ಕೊನೆಗೆ ಹಿಂತಿರುಗಬೇಕು, ಜರ್ಮನಿಯಲ್ಲಿ ನೆಲೆಸುವ ಅವಕಾಶವಿದೆ. ಈ ಕಾರಣವನ್ನು ನೆನಪಿಟ್ಟುಕೊಳ್ಳಬೇಕು; ಲೆಕ್ಕ ಮಾಡುವಾಗ ಇದು ಮತ್ತೆ ಬರುತ್ತದೆ.

ಸಮಸ್ಯೆ

ಭಾಷೆಯ ಮಟ್ಟಗಳು ಎ1ರಿಂದ ಸಿ2ರವರೆಗೆ ಆರು. ಜರ್ಮನಿಯಲ್ಲಿ ನರ್ಸ್ ಎಂಬ ಪರವಾನಗಿ ಪಡೆಯಲು ಸಾಮಾನ್ಯವಾಗಿ ನಾಲ್ಕನೆಯದಾದ ಬಿ2 ಬೇಕು. ಸೊನ್ನೆಯಿಂದ ಅಲ್ಲಿಗೆ ತಲುಪಲು 45 ನಿಮಿಷದ 600ರಿಂದ 800 ಪಾಠಗಳು ಹಿಡಿಯುತ್ತವೆ. ಈ ದಾರಿಯ ವಿಚಿತ್ರವೆಂದರೆ ಶ್ರಮ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ, ಆದರೆ ಫಲ ಹಾಗೆ ಏರುವುದಿಲ್ಲ. ಎ1, ಎ2 ಮುಗಿಸಿದವರಿಗೆ ಮಂಗಳೂರಿನಲ್ಲಾಗಲಿ ಬೆಂಗಳೂರಿನಲ್ಲಾಗಲಿ ಆ ಭಾಷೆಯ ಬಲದಿಂದ ಸಂಬಳದಲ್ಲಿ ನೂರು ರೂಪಾಯಿ ಹೆಚ್ಚಾಗುವುದಿಲ್ಲ. ಬಿ1ಕ್ಕೂ ಬಹುತೇಕ ಅದೇ ಗತಿ. ಬಿ2ರಲ್ಲಿ ಒಮ್ಮೆಲೇ ಬಾಗಿಲು ತೆರೆಯುತ್ತದೆ. ಹೀಗಾಗಿ ನಡುವೆ ಬಿಟ್ಟವರು ಅರ್ಧ ಫಲ ಪಡೆಯುವುದಿಲ್ಲ, ಏನನ್ನೂ ಪಡೆಯುವುದಿಲ್ಲ. ವಿದ್ಯಾರ್ಥಿನಿಯ ಎ1 ತಂಡದಲ್ಲಿದ್ದ ಹನ್ನೊಂದು ಮಂದಿಯಲ್ಲಿ ಬಿ2 ಪರೀಕ್ಷೆಗೆ ಕುಳಿತವರು ಮೂವರು.

ಎರಡನೆಯ ತೊಡಕು ಕಾಗದಪತ್ರಗಳದು. ಅಲ್ಲಿ ಯಾವ ರಾಜ್ಯದಲ್ಲಿ ಕೆಲಸ ಮಾಡಲಿದ್ದೇವೋ ಆ ರಾಜ್ಯದ ಕಚೇರಿ ನಮ್ಮ ಪದವಿಯನ್ನು ತಮ್ಮ ನರ್ಸಿಂಗ್ ಶಿಕ್ಷಣದ ಜೊತೆ ಹೋಲಿಸಿ ನೋಡುತ್ತದೆ. ಅದಕ್ಕೆ ಅಂಕಪಟ್ಟಿ ಸಾಲದು. ಪ್ರತಿ ವಿಷಯದಲ್ಲಿ ಎಷ್ಟು ಗಂಟೆ ಪಾಠ, ಎಷ್ಟು ಗಂಟೆ ವಾರ್ಡಿನ ಅಭ್ಯಾಸ ಎಂದು ತೋರಿಸುವ ಟ್ರಾನ್ಸ್‌ಕ್ರಿಪ್ಟ್ ಬೇಕು. ಕೊರತೆ ಕಂಡರೆ ಅದನ್ನು ಪಟ್ಟಿ ಮಾಡಿ ಒಂದು ಪತ್ರ ಕೊಡುತ್ತಾರೆ. ಅದಕ್ಕೆ ‘ಡೆಫಿಟ್ಸಿಟ್‌ಬೆಶೈಡ್’ ಎಂದು ಹೆಸರು. ಹೆಸರು ಕೇಳಿ ಹೆದರುವವರಿದ್ದಾರೆ, ಆದರೆ ಅದು ನಿರಾಕರಣೆಯಲ್ಲ. ಆ ಕೊರತೆಯನ್ನು ಅಲ್ಲಿಗೆ ಹೋಗಿ ಒಂದು ತರಬೇತಿಯಿಂದಲೋ ‘ಕೆಂಟ್ನಿಸ್‌ಪ್ರೂಫುಂಗ್’ ಎಂಬ ಜ್ಞಾನಪರೀಕ್ಷೆಯಿಂದಲೋ ತುಂಬಬಹುದು. ಅಲ್ಲಿಯವರೆಗೆ ಸಹಾಯಕಿಯ ಹುದ್ದೆ, ಸಹಾಯಕಿಯ ಸಂಬಳ.

ಮೊದಲ ಹದಿನೆಂಟು ತಿಂಗಳು

ಎ1, ಎ2 ಸಂಜೆಯ ತರಗತಿಗಳಲ್ಲಿ ಮುಗಿದವು. ನೈಟ್ ಡ್ಯೂಟಿಯ ವಾರಗಳಲ್ಲಿ ಆಕೆ ಕ್ಯಾಮೆರಾ ಆರಿಸಿ ಕೇಳುತ್ತಿದ್ದಳು, ಕೆಲವೊಮ್ಮೆ ನಿದ್ದೆ ಮಾಡುತ್ತಿದ್ದಳು. ಈ ಹಂತದಲ್ಲಿ ಆಕೆಯ ಹೆಚ್ಚಿನ ಶ್ರಮ ಹೋದದ್ದು ಲಿಂಗಗಳ ಮೇಲೆ. ಕನ್ನಡದಲ್ಲಿ ಚಮಚ, ಫೋರ್ಕು, ಚಾಕು ಮೂರೂ ‘ಅದು’. ಜರ್ಮನ್‌ನಲ್ಲಿ ಚಮಚ ಪುಲ್ಲಿಂಗ, ಫೋರ್ಕು ಸ್ತ್ರೀಲಿಂಗ, ಚಾಕು ನಪುಂಸಕಲಿಂಗ. ಆಕೆ ಮೂರು ಬಣ್ಣದ ಪೆನ್ನಿನಲ್ಲಿ ಪಟ್ಟಿ ಬರೆದು ಬಾಯಿಪಾಠ ಮಾಡಿದಳು, ನಾನೂ ಹೊಗಳಿದೆ. ಇಂದು ನೋಡಿದರೆ ಅದು ನನ್ನ ತಪ್ಪು. ಲಿಂಗ ತಪ್ಪಿದರೆ ವಾರ್ಡಿನಲ್ಲಿ ಯಾರೂ ತೊಂದರೆಗೆ ಸಿಲುಕುವುದಿಲ್ಲ. ಕೇಳಿದ್ದು ಅರ್ಥವಾಗದಿದ್ದರೆ ಸಿಲುಕುತ್ತಾರೆ.

ಅದರ ಸೂಚನೆ 2022ರ ಆಗಸ್ಟ್‌ನ ಬಿ1 ಪರೀಕ್ಷೆಯಲ್ಲೇ ಸಿಕ್ಕಿತು. ಗೊಯ್ಥೆ ಇನ್ಸ್ಟಿಟ್ಯೂಟ್‌ನ ಬಿ1, ಬಿ2 ಪರೀಕ್ಷೆಗಳಲ್ಲಿ ಓದು, ಆಲಿಕೆ, ಬರಹ, ಮಾತು ಎಂಬ ನಾಲ್ಕು ಭಾಗಗಳಿವೆ. ಪ್ರತಿಯೊಂದಕ್ಕೂ 100 ಅಂಕ, 60 ಬಂದರೆ ಪಾಸು, ಬಿದ್ದ ಭಾಗವನ್ನಷ್ಟೇ ಮತ್ತೆ ಬರೆಯಬಹುದು. ವಿದ್ಯಾರ್ಥಿನಿಗೆ ಓದಿನಲ್ಲಿ 77 ಬಂದರೆ ಆಲಿಕೆಯಲ್ಲಿ 53. ನವೆಂಬರ್‌ನಲ್ಲಿ ಆಲಿಕೆಯನ್ನು ಮತ್ತೆ ಬರೆದು 67 ಪಡೆದಳು. ಪಾಸಾದದ್ದರಿಂದ ಆ 53ರ ಅರ್ಥವೇನು ಎಂದು ನಾವಿಬ್ಬರೂ ಯೋಚಿಸಲಿಲ್ಲ.

ಎರಡು ಕೊಡುಗೆಗಳು

ಬಿ1 ಕೈಗೆ ಬಂದ ತಿಂಗಳಲ್ಲೇ ಎರಡು ದಾರಿಗಳು ಎದುರಾದವು. ಒಬ್ಬ ಏಜೆಂಟ್ ಎರಡೂವರೆ ಲಕ್ಷ ರೂಪಾಯಿ ಕೊಟ್ಟರೆ ಬಿ1ರಲ್ಲೇ ಕಳುಹಿಸುವುದಾಗಿಯೂ ಬಿ2ನ್ನು ಅಲ್ಲಿ ಕೆಲಸ ಮಾಡುತ್ತ ಓದಿಕೊಳ್ಳಬಹುದೆಂದೂ ಹೇಳಿದ. ಇನ್ನೊಂದು, ಬಾಡೆನ್-ವುರ್ಟೆಂಬರ್ಗ್ ರಾಜ್ಯದ ಸಣ್ಣ ಪಟ್ಟಣವೊಂದರ ಆಸ್ಪತ್ರೆ. ಅವರು ಆನ್‌ಲೈನ್‌ನಲ್ಲಿ ಸಂದರ್ಶನ ಮಾಡಿ, ಬಿ2 ಪಾಸಾಗುವ ಷರತ್ತಿನ ಮೇಲೆ ಕೆಲಸ ಕೊಟ್ಟರು. ವೀಸಾ ಮತ್ತು ವಿಮಾನದ ಖರ್ಚು ಅವರದು. ಎರಡು ವರ್ಷದೊಳಗೆ ಬಿಟ್ಟರೆ ಅದರ ಒಂದು ಪಾಲನ್ನು ಹಿಂತಿರುಗಿಸಬೇಕು.

ಆಕೆಯ ತಂದೆಗೆ ಮೊದಲನೆಯದು ಹಿಡಿಸಿತ್ತು. ಫೋನ್ ಮಾಡಿ, “ಮೇಡಂ, ಇಲ್ಲಿ ಕೂತು ಕಲಿಯುವುದಕ್ಕಿಂತ ಅಲ್ಲೇ ಹೋಗಿ ಕಲಿತರೆ ಬೇಗ ಬರುವುದಿಲ್ಲವೇ?” ಎಂದು ಕೇಳಿದರು. ಪ್ರಶ್ನೆ ತಪ್ಪಲ್ಲ. ಆದರೆ ಪಾಳಿ ಮುಗಿಸಿ ದಣಿದು ಬಂದವರು ಬಿ2 ಓದುವುದು ಎಷ್ಟು ಕಷ್ಟ ಎಂಬುದನ್ನು ಮಂಗಳೂರಿನಲ್ಲೇ ನೋಡಿದ್ದೆವು. ಜೊತೆಗೆ, ವಿದೇಶಿ ನರ್ಸ್‌ಗಳ ನೇಮಕಾತಿಯಲ್ಲಿ ಖರ್ಚನ್ನು ಉದ್ಯೋಗದಾತರೇ ಹೊರಬೇಕು ಎಂಬ ತತ್ವವನ್ನು ಪಾಲಿಸುವ ಸಂಸ್ಥೆಗಳಿಗೆ ಜರ್ಮನ್ ಸರ್ಕಾರವೇ ಒಂದು ಗುಣಮಟ್ಟದ ಮುದ್ರೆ ಕೊಡುತ್ತದೆ. ಹೀಗಿರುವಾಗ ನರ್ಸ್‌ನಿಂದಲೇ ಲಕ್ಷಗಟ್ಟಲೆ ಕೇಳುವವನ ಬಳಿ ಹೋಗುವುದಕ್ಕೆ ಕಾರಣವಿರಲಿಲ್ಲ. ವಿದ್ಯಾರ್ಥಿನಿ ಎರಡನೆಯದನ್ನು ಒಪ್ಪಿದಳು.

ಷರತ್ತಿನ ಕೆಲಸ ಕೈಯಲ್ಲಿದ್ದದ್ದರಿಂದಲೇ ಮುಂದಿನ ನಿರ್ಧಾರ ಸಾಧ್ಯವಾಯಿತು. 2022ರ ಕೊನೆಗೆ ಆಕೆ ಆಸ್ಪತ್ರೆಯ ಕೆಲಸ ಬಿಟ್ಟು, 2023ರ ಜನವರಿಯಿಂದ ಪೂರ್ಣಾವಧಿ ಬಿ2 ತರಗತಿಗೆ ಕುಳಿತಳು. ಆ ಪತ್ರವಿಲ್ಲದೆ ಕೆಲಸ ಬಿಟ್ಟಿದ್ದರೆ ಅದು ಜೂಜು.

58 ಮತ್ತು 55

ಜುಲೈನಲ್ಲಿ ಬಿ2 ಪರೀಕ್ಷೆ ಬರೆದಾಗ ಓದು 70, ಆಲಿಕೆ 63, ಬರಹ 58, ಮಾತು 55. ಬರಹದಲ್ಲಿ ಬಿದ್ದದ್ದು ಸಮಯದ ಕಾರಣಕ್ಕೆ. 75 ನಿಮಿಷದಲ್ಲಿ ಎರಡು ಬರಹಗಳಿರುತ್ತವೆ, ಆಕೆ ಮೊದಲನೆಯದಕ್ಕೇ ತೀರಾ ಹೆಚ್ಚು ಸಮಯ ಕೊಟ್ಟಿದ್ದಳು. ಗಡಿಯಾರ ಇಟ್ಟು ಅಭ್ಯಾಸ ಮಾಡಿಸಿದ ಮೇಲೆ ಅದು ಸರಿಹೋಯಿತು.

ಮಾತಿನ ಸೋಲು ಬೇರೆ ಬಗೆಯದು. ಆ ಭಾಗದಲ್ಲಿ ಮೊದಲು ಒಂದು ಚಿಕ್ಕ ಭಾಷಣ, ಆಮೇಲೆ ಜೊತೆಯ ಅಭ್ಯರ್ಥಿಯೊಡನೆ ಚರ್ಚೆ. ಭಾಷಣ ಆಕೆಗೆ ಚೆನ್ನಾಗಿಯೇ ಬರುತ್ತಿತ್ತು. ಚರ್ಚೆಯಲ್ಲಿ ಎದುರಿನವರು ಏನು ಹೇಳಿದರೂ “ಯಾ, ಗೆನಾವ್”, ಅಂದರೆ “ಹೌದು, ಸರಿ” ಎಂದು ತಲೆಯಾಡಿಸಿ ಸುಮ್ಮನಾಗುತ್ತಿದ್ದಳು. ರೌಂಡ್ಸ್‌ಗೆ ಬಂದ ಡಾಕ್ಟರ ಹಿಂದೆ ಫೈಲು ಹಿಡಿದು ನಿಂತು ವರ್ಷಗಟ್ಟಲೆ ಮಾಡಿದ್ದ ಅಭ್ಯಾಸವೇ ಪರೀಕ್ಷೆಯ ಕೋಣೆಗೂ ಬಂದಿತ್ತು. ಒಪ್ಪದಿರುವುದು, ನಡುವೆ ಪ್ರಶ್ನೆ ಕೇಳುವುದು, ಕಾರಣ ಕೊಡುವುದು ಇಲ್ಲದೆ ಬಿ2ರ ಚರ್ಚೆಯಲ್ಲಿ ಅಂಕ ಬೀಳುವುದಿಲ್ಲ.

ಇಲ್ಲಿ ನಾವು ಪಾಠಪುಸ್ತಕವನ್ನು ಬದಿಗಿಟ್ಟೆವು. ಪ್ರತಿದಿನ ಹತ್ತು ನಿಮಿಷ ಆಕೆ ತನ್ನ ಹಳೆಯ ವಾರ್ಡಿನ ಒಬ್ಬ ಕಾಲ್ಪನಿಕ ರೋಗಿಯನ್ನು ಮುಂದಿನ ಪಾಳಿಗೆ ಒಪ್ಪಿಸಬೇಕು. ಜರ್ಮನ್ ಆಸ್ಪತ್ರೆಗಳಲ್ಲಿ ‘ಯೂಬರ್‌ಗಾಬೆ’ ಎನ್ನುವ ಈ ಕೆಲಸ ದಿನಕ್ಕೆ ಮೂರು ಸಲ ನಡೆಯುತ್ತದೆ. ಇನ್ನೊಬ್ಬ ವಿದ್ಯಾರ್ಥಿ ಬೇಕೆಂದೇ ನಡುವೆ ಬಾಯಿ ಹಾಕಬೇಕು: ಜ್ವರ ಎಷ್ಟು, ಯಾವಾಗಿನಿಂದ, ಮಾತ್ರೆ ಏಕೆ ಕೊಡಲಿಲ್ಲ? ಮೊದಲ ವಾರ ಆಕೆ ಅತ್ತೇಬಿಟ್ಟಳು. ಅಕ್ಟೋಬರ್‌ನಲ್ಲಿ ಬಿದ್ದ ಎರಡೂ ಭಾಗಗಳನ್ನು ಮತ್ತೆ ತೆಗೆದುಕೊಂಡಾಗ ಬರಹಕ್ಕೆ 66, ಮಾತಿಗೆ 72 ಬಂತು.

ಕಾಯುವಿಕೆ

ಬಿ2 ಬಂದರೂ ಆಕೆ ಹೊರಟದ್ದು 2024ರ ಏಪ್ರಿಲ್‌ನಲ್ಲಿ. ನಡುವಿನ ಆರು ತಿಂಗಳಿಗೆ ಕಾರಣ ಆ ಟ್ರಾನ್ಸ್‌ಕ್ರಿಪ್ಟ್. ಅದಕ್ಕೆ ಅರ್ಜಿ ಹಾಕಿದ್ದೇ 2022ರ ಡಿಸೆಂಬರ್‌ನಲ್ಲಿ, ಕೈಗೆ ಬಂದದ್ದು ಮರುವರ್ಷದ ಮೇನಲ್ಲಿ. ಅನುವಾದ ಮುಗಿಸಿ ಜರ್ಮನ್ ಕಚೇರಿಗೆ ಕಳುಹಿಸುವಾಗ ಜುಲೈ ಆಗಿತ್ತು, ಕೊರತೆಯ ಪತ್ರ ಬರುವಾಗ ಡಿಸೆಂಬರ್. ವೀಸಾ ಅದರ ನಂತರ.

ಟ್ರಾನ್ಸ್‌ಕ್ರಿಪ್ಟ್ ಪಡೆಯಲು ಜರ್ಮನ್ ಭಾಷೆಯ ಒಂದು ಅಕ್ಷರವೂ ಬೇಕಿರಲಿಲ್ಲ. ಎ2 ಓದುವಾಗಲೇ ತರಿಸಿ, ಅನುವಾದ ಮಾಡಿಸಿ ಇಟ್ಟಿದ್ದರೆ, ಕೆಲಸದ ಪತ್ರ ಬಂದ ತಿಂಗಳಲ್ಲೇ ಅರ್ಜಿ ಹೋಗುತ್ತಿತ್ತು, ಬಿ2 ಪಾಸಾಗುವ ಹೊತ್ತಿಗೆ ಎಲ್ಲವೂ ಸಿದ್ಧವಿರುತ್ತಿತ್ತು. ಐದು ತಿಂಗಳಾದರೂ ಉಳಿಯುತ್ತಿತ್ತು. ಅಲ್ಲಿ ಸಹಾಯಕಿಯಾಗಿಯೇ ಆಕೆ ಮುಂದೆ ಉಳಿಸಿದ ಮೊತ್ತದಲ್ಲಿ ಅಳೆದರೆ ಆ ಐದು ತಿಂಗಳ ಬೆಲೆ ಮೂರು ಲಕ್ಷ ರೂಪಾಯಿಗಿಂತ ಹೆಚ್ಚು. ಎ1ರಿಂದ ಬಿ2ರವರೆಗಿನ ಶುಲ್ಕ 80,000, ಮರುಪರೀಕ್ಷೆಗಳೂ ಸೇರಿ ಪರೀಕ್ಷಾ ವೆಚ್ಚ 62,000. ಅಂದರೆ ಈ ಇಡೀ ಪ್ರಕರಣದಲ್ಲಿ ಅತಿ ದುಬಾರಿಯಾದದ್ದು ಭಾಷೆಯ ಶುಲ್ಕವಲ್ಲ, ಹೊತ್ತಿಗೆ ಸರಿಯಾಗಿ ಹಾಕದ ಒಂದು ಅರ್ಜಿ.

ಕಾಯುವ ತಿಂಗಳುಗಳಲ್ಲಿ ಭಾಷೆಯೂ ತುಕ್ಕು ಹಿಡಿಯಿತು. ಆಕೆ ನನ್ನ ಎ1 ತರಗತಿಗೆ ನೆರವಾಗುತ್ತಿದ್ದಳು, ಅಭ್ಯಾಸ ಉಳಿಯುತ್ತದೆ ಎಂದು ನಾನು ಭಾವಿಸಿದ್ದೆ. ಹೊಸಬರಿಗಾಗಿ ನಿಧಾನವಾಗಿ, ಬಿಡಿಸಿ ಬಿಡಿಸಿ ಮಾತನಾಡಿ ಆಕೆಯ ಕಿವಿ ಇನ್ನಷ್ಟು ನಿಧಾನವಾಯಿತು.

ವಾರ್ಡಿನಲ್ಲಿ

ಅಲ್ಲಿಗೆ ಹೋದ ಮೇಲೆ ಆಕೆಯ ಪ್ರಗತಿಯನ್ನು ನಾನು ಒಂದೇ ಪ್ರಶ್ನೆಯಿಂದ ಅಳೆಯುತ್ತಿದ್ದೆ: ವಾರ್ಡಿನ ಫೋನ್ ಎತ್ತುತ್ತೀಯಾ? ಎದುರಿಗಿರುವವರ ಮುಖ, ಕೈಸನ್ನೆ ಅರ್ಧ ಅರ್ಥ ಹೇಳುತ್ತವೆ, ಫೋನಿನಲ್ಲಿ ಅದಿಲ್ಲ. ಮೊದಲ ವಾರಗಳಲ್ಲಿ ಫೋನ್ ರಿಂಗಾದ ತಕ್ಷಣ ಆಕೆ ಯಾವುದಾದರೊಂದು ರೋಗಿಯ ಕೋಣೆಗೆ ಹೋಗಿಬಿಡುತ್ತಿದ್ದಳು. ಹಿಂಜರಿಕೆಯಿಲ್ಲದೆ ಎತ್ತಿದ್ದು ಐದನೆಯ ತಿಂಗಳಲ್ಲಿ. ಬಿ2 ಪ್ರಮಾಣಪತ್ರ ಹೇಳುವ ಮಟ್ಟಕ್ಕೆ ಆಕೆ ನಿಜವಾಗಿ ತಲುಪಿದ್ದು ಅಂದೇ ಎಂದು ನನ್ನ ಅನಿಸಿಕೆ.

ಆ ಭಾಗದ ಆಡುನುಡಿ ಶ್ವಾಬಿಯನ್. ಒಬ್ಬ ವೃದ್ಧೆ ಚಳಿಯಾಗುತ್ತಿದೆ, ‘ಟೆಪ್ಪಿಶ್’ ಕೊಡು ಎಂದರು. ಪುಸ್ತಕದ ಜರ್ಮನ್‌ನಲ್ಲಿ ಟೆಪ್ಪಿಶ್ ಎಂದರೆ ನೆಲಕ್ಕೆ ಹಾಸುವ ಜಮಖಾನೆ. ಅಲ್ಲಿ ಹೊದಿಕೆಗೂ ಅದೇ ಮಾತು. ಇದು ನಗುವಿನಲ್ಲಿ ಮುಗಿಯಿತು. ಇನ್ನೊಂದು ಹಾಗೆ ಮುಗಿಯುವಂಥದ್ದಲ್ಲ. ಸೊಂಟದ ಶಸ್ತ್ರಚಿಕಿತ್ಸೆಯಾದ ರೋಗಿಯೊಬ್ಬರು ‘ಫೂಸ್’ ನೋಯುತ್ತಿದೆ ಎಂದರು. ಪುಸ್ತಕದಲ್ಲಿ ಫೂಸ್ ಎಂದರೆ ಪಾದ, ಆಕೆ ಹಾಗೆಯೇ ದಾಖಲಿಸಿದಳು. ಶ್ವಾಬಿಯನ್ನರಿಗೆ ಸೊಂಟದಿಂದ ಕೆಳಗಿನದ್ದೆಲ್ಲ ಫೂಸ್; ನೋವಿದ್ದದ್ದು ತೊಡೆಯಲ್ಲಿ. ಹಿರಿಯ ನರ್ಸ್ ಅದೇ ಪಾಳಿಯಲ್ಲಿ ಗಮನಿಸಿ ತಿದ್ದಿದ್ದರಿಂದ ತೊಂದರೆಯಾಗಲಿಲ್ಲ. ಕನ್ನಡದಲ್ಲಿ ನಾವೂ ‘ಕಾಲು ನೋವು’ ಎಂದಾಗ ಪಾದವೋ ಮೊಣಕಾಲೋ ತೊಡೆಯೋ ಹೇಳುವುದಿಲ್ಲ, ಊರಿನ ವಾರ್ಡಿನಲ್ಲಿ ಆಕೆ “ಎಲ್ಲಿ, ಕೈಯಿಟ್ಟು ತೋರಿಸಿ” ಎಂದು ಕೇಳಿಯೇ ಕೇಳುತ್ತಿದ್ದಳು. ಕಷ್ಟಪಟ್ಟು ಕಲಿತ ಪದದ ಮೇಲಿನ ನಂಬಿಕೆಯಿಂದ ಅಲ್ಲಿ ಕೇಳಲಿಲ್ಲ.

2024ರ ಡಿಸೆಂಬರ್‌ನಲ್ಲಿ ಜ್ಞಾನಪರೀಕ್ಷೆ. ರೋಗಿಯ ಬಳಿ ನಡೆಯುವ ಪ್ರಾಯೋಗಿಕ ಭಾಗ ಪಾಸಾಯಿತು. ಮುಕ್ಕಾಲು ಗಂಟೆಯಿಂದ ಒಂದು ಗಂಟೆಯವರೆಗಿನ ಮೌಖಿಕ ಭಾಗದಲ್ಲಿ ಬಿದ್ದಳು. ಪದಗಳ ಕೊರತೆಯಿಂದಲ್ಲ. ಮಲಗಿದಲ್ಲೇ ಇರುವ ರೋಗಿಗೆ ಹುಣ್ಣಾಗದಂತೆ ಏನು ಮಾಡುತ್ತೀರಿ ಎಂದು ಕೇಳಿದಾಗ ಆಕೆ ನಮ್ಮ ಕಾಲೇಜಿನ ವೈವಾದಂತೆ ಎಂಟು ಅಂಶಗಳನ್ನು ಸರಾಗವಾಗಿ ಹೇಳಿದಳು. ಅವರಿಗೆ ಬೇಕಿದ್ದದ್ದು ಈ ರೋಗಿಗೆ ಅವುಗಳಲ್ಲಿ ಯಾವುದು ಮೊದಲು, ಏಕೆ ಎಂಬುದು. ಮೈ ಒರೆಸುವುದು, ಹೊರಳಿಸುವುದು ಇಲ್ಲಿ ಹೆಚ್ಚಾಗಿ ಆಯಾ ಅಥವಾ ಮನೆಯವರ ಪಾಲಿನ ಕೆಲಸ. ಅಲ್ಲಿ ಅದು ನರ್ಸ್‌ನ ಯೋಜನೆಯ ತಿರುಳು. ಪ್ರತಿ ಭಾಗವನ್ನು ಮತ್ತೆ ಬರೆಯಲು ಒಂದೇ ಅವಕಾಶ. 2025ರ ಮಾರ್ಚ್‌ನಲ್ಲಿ ಅದನ್ನು ಪಾಸು ಮಾಡಿ ಏಪ್ರಿಲ್‌ನಿಂದ ಪೂರ್ಣ ನರ್ಸ್ ಆದಳು.

ಲೆಕ್ಕ

ಆಕೆಯ ನೋಟ್‌ಬುಕ್ಕಿನ ಪ್ರಕಾರ ಊರಿನಲ್ಲಿ ಆದ ನೇರ ಖರ್ಚು, ದಾಖಲೆ ಮತ್ತು ಅನುವಾದದ 48,000 ಸೇರಿ, 1,90,000 ರೂಪಾಯಿ. ಓದಿಗಾಗಿ ಬಿಟ್ಟ ಹತ್ತು ತಿಂಗಳ ಸಂಬಳವೂ 1,90,000. ಒಟ್ಟು 3,80,000. ಸಹಾಯಕಿಯಾಗಿದ್ದ ವರ್ಷ ತೆರಿಗೆ, ವಿಮೆ ಕಳೆದು ಕೈಗೆ ಬಂದದ್ದು ತಿಂಗಳಿಗೆ ಸುಮಾರು 1,870 ಯೂರೋ. ಬಾಡಿಗೆ, ಊಟ, ಓಡಾಟ ಕಳೆದು 700 ಯೂರೋ ಉಳಿಯಿತು. ಯೂರೋಗೆ 90ರಂತೆ 63,000 ರೂಪಾಯಿ. ಮಂಗಳೂರಿನ 7,000ದ ಜೊತೆ ಹೋಲಿಸಿ, ಮೊದಲ ತಿಂಗಳುಗಳ ಮುಂಗಡ, ಚಳಿಬಟ್ಟೆ ಎಂದು ಹೋದ 1,500 ಯೂರೋವನ್ನೂ ಸೇರಿಸಿದರೆ, ಒಂದು ವರ್ಷದೊಳಗೆ ಖರ್ಚೆಲ್ಲ ಹಿಂತಿರುಗಿತು. ಹೆಚ್ಚಿನವರು ಲೆಕ್ಕವನ್ನು ಇಲ್ಲಿಗೇ ನಿಲ್ಲಿಸಿ ಲಾಭ ಎನ್ನುತ್ತಾರೆ.

ನಾನು ನಿಲ್ಲಿಸುವುದಿಲ್ಲ, ಏಕೆಂದರೆ ಆಕೆ ಜರ್ಮನ್ ಕಲಿಯದಿದ್ದರೆ ಮಂಗಳೂರಿನಲ್ಲೇ ಇರುತ್ತಿರಲಿಲ್ಲ. ಗೆಳತಿಯಂತೆ ಗಲ್ಫಿಗೆ ಹೋಗುತ್ತಿದ್ದಳು. ಗೆಳತಿ 2022ರ ಏಪ್ರಿಲ್‌ನಲ್ಲಿ ಹೊರಟವಳು ತಿಂಗಳಿಗೆ 45,000 ಉಳಿಸಿ, 2025ರ ಮಾರ್ಚ್ ಹೊತ್ತಿಗೆ ಹೋಗುವ ಖರ್ಚು ಕಳೆದು ಹದಿನೈದು ಲಕ್ಷದಷ್ಟು ಮಾಡಿಕೊಂಡಿದ್ದಳು. ಅದೇ ದಿನ ವಿದ್ಯಾರ್ಥಿನಿಯ ಜರ್ಮನಿಯ ಉಳಿತಾಯದಲ್ಲಿ ನೇರ ಖರ್ಚನ್ನೂ ಆ 1,500 ಯೂರೋವನ್ನೂ ಕಳೆದರೆ ಸುಮಾರು ನಾಲ್ಕೂಕಾಲು ಲಕ್ಷ. ಪೂರ್ಣ ನರ್ಸ್ ಆದ ಮೇಲೆ ಆಕೆಗೆ ತಿಂಗಳಿಗೆ ಲಕ್ಷದಷ್ಟು ಉಳಿಯುತ್ತಿದೆ, ಗೆಳತಿಗಿಂತ 55,000 ಹೆಚ್ಚು. ಹಾಗಾದರೂ ನಡುವಿನ ಅಂತರ ತುಂಬಲು ಇಪ್ಪತ್ತು ತಿಂಗಳು, ಅಂದರೆ 2026ರ ಕೊನೆ. ಹಣವೊಂದನ್ನೇ ನೋಡಿದರೆ ಈ ಭಾಷೆ ಫಲ ಕೊಡಲು ಕಲಿಕೆ ಆರಂಭಿಸಿದ ದಿನದಿಂದ ಐದೂವರೆ ವರ್ಷ ಬೇಕು.

ಹಣದ ಆಚೆಗೆ ಇರುವುದು ಆಕೆ ಮೊದಲ ದಿನ ಹೇಳಿದ ಕಾರಣ. ಈಗಿನ ಕಾನೂನಿನಂತೆ ಅರ್ಹ ಕೆಲಸಗಾರರು ತಮಗಾಗಿಯೇ ಇರುವ ವಾಸದ ಪರವಾನಗಿಯಲ್ಲಿ ಮೂರು ವರ್ಷ ದುಡಿದು ಪಿಂಚಣಿಗೆ ಹಣ ಕಟ್ಟಿದ್ದರೆ ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು. ಗಲ್ಫಿನಲ್ಲಿ ನರ್ಸ್‌ಗಳಿಗೆ ಸಾಮಾನ್ಯವಾಗಿ ಅದಿಲ್ಲ. ನೆಲೆಸುವ ಆಸೆ ಇರುವವರಿಗೆ ಈ ಐದೂವರೆ ವರ್ಷ ಒಪ್ಪಬಹುದಾದ ಬೆಲೆ. ಮನೆಯ ಸಾಲ ತೀರಿಸಿ ನಾಲ್ಕೈದು ವರ್ಷದಲ್ಲಿ ಊರಿಗೆ ಮರಳಬೇಕೆಂದಿರುವವರಿಗೆ ಗೆಳತಿಯ ದಾರಿಯೇ ಸರಿ ಎಂದು ಜರ್ಮನ್ ಶಿಕ್ಷಕಿಯಾಗಿಯೂ ಹೇಳಬೇಕಾಗುತ್ತದೆ. ಹೇಳಿದ್ದರಿಂದ ಕಳೆದ ವರ್ಷ ನನ್ನ ಎ1 ತರಗತಿಯ ಇಬ್ಬರು ಶುಲ್ಕ ವಾಪಸ್ ಪಡೆದು ಹೋದರು.

ಈಗ ಸೇರಲು ಬರುವ ನರ್ಸ್‌ಗಳಿಂದ ಮೊದಲ ದಿನವೇ ಎರಡು ವಿಷಯ ಬರೆಸಿಕೊಳ್ಳುತ್ತೇನೆ: ಜರ್ಮನ್ ಇಲ್ಲದಿದ್ದರೆ ಎಲ್ಲಿಗೆ ಹೋಗುತ್ತಿದ್ದಿರಿ, ಮತ್ತು ಟ್ರಾನ್ಸ್‌ಕ್ರಿಪ್ಟ್‌ಗೆ ಅರ್ಜಿ ಹಾಕಿದ ದಿನಾಂಕ. ಎರಡನೆಯದು ಖಾಲಿ ಇದ್ದರೆ ಎ2 ತರಗತಿಗೆ ಹೆಸರು ಬರೆದುಕೊಳ್ಳುವುದಿಲ್ಲ. ಆಲಿಕೆಯ ಅಭ್ಯಾಸಕ್ಕೆ ವಿದ್ಯಾರ್ಥಿನಿ ತನ್ನ ವಾರ್ಡಿನ ಸಹೋದ್ಯೋಗಿಗಳ ಒಪ್ಪಿಗೆ ಪಡೆದು, ಕಾಲ್ಪನಿಕ ರೋಗಿಗಳ ಯೂಬರ್‌ಗಾಬೆಯನ್ನು ಅವರ ದನಿಯಲ್ಲೇ ಫೋನಿನಲ್ಲಿ ಧ್ವನಿಮುದ್ರಿಸಿ ಕಳುಹಿಸುತ್ತಾಳೆ. ಮೊನ್ನೆ ಬಂದದ್ದರಲ್ಲಿ ಒಬ್ಬರು ಫೂಸ್ ಎನ್ನುತ್ತಾರೆ. ತರಗತಿಯಲ್ಲಿದ್ದ ಏಳು ಮಂದಿಯೂ ಪಾದ ಎಂದೇ ಬರೆದರು.